ಕಂಬದ ಮೇಲಿನ ಡಬ್ಬಿ

ಶಿವಮೊಗ್ಗದ ಗೋಪಾಳದಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ನಲ್ಲಿ ತಿರುಗಿಸಿ ನೋಡಿದ್ದೆ, ಬಚ್ಚಲಿನ ಇಳಿಜಾರು ನೋಡಿದ್ದೆ, ಅಡುಗೆಮನೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆಯೇ ಎಂದೂ ನೋಡಿದ್ದೆ. ಗೇಟಿನ ಎದುರಿನ ಕರೆಂಟ್ ಕಂಬವನ್ನು ಮಾತ್ರ ತಲೆಯೆತ್ತಿ ನೋಡಿರಲಿಲ್ಲ. ನನ್ನ ಕೆಲಸ ಬೆಂಗಳೂರಿನ ಆಡಿಟರ್ ಕಚೇರಿಯೊಂದಕ್ಕೆ ಮನೆಯಿಂದಲೇ ಲೆಕ್ಕ ಬರೆಯುವುದು. ನೆಟ್ ಇಲ್ಲದಿದ್ದರೆ ಆ ದಿನದ ದುಡಿಮೆ ಇಲ್ಲ.

ಕಂಪನಿಯ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದೆ. ‘ಫೈಬರ್ ಲಭ್ಯವಿದೆ’ ಎಂದು ಹಸಿರು ಅಕ್ಷರದಲ್ಲಿ ಬಂತು. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಅಗ್ಗ ಅಂದರು, ಕಟ್ಟಿದೆ. ಪಿನ್‌ಕೋಡ್ ಅಂದರೆ ಒಂದು ಅಂಚೆ ಕಚೇರಿಯ ವ್ಯಾಪ್ತಿ. ಅದರಲ್ಲಿ ಹತ್ತಾರು ಬೀದಿಗಳಿರುತ್ತವೆ. ನಮ್ಮ ಬೀದಿಯ ಕಂಬದ ಮೇಲೆ ಆ ಕಂಪನಿಯ ಡಬ್ಬಿ ಇದೆಯೇ, ಇದ್ದರೆ ಅದರಲ್ಲಿ ಜಾಗ ಖಾಲಿಯಿದೆಯೇ ಎಂಬುದು ಆ ಹಸಿರು ಅಕ್ಷರಕ್ಕೆ ಗೊತ್ತಿರುವುದಿಲ್ಲ ಎಂದು ನನಗೆ ತಿಳಿದದ್ದು ದುಡ್ಡು ಕೊಟ್ಟ ಹನ್ನೊಂದು ದಿನಗಳ ಮೇಲೆ.

ಹನ್ನೆರಡನೇ ದಿನ ಕೇಬಲ್ ಹುಡುಗ ಬಂದ. ಏಣಿ ಹತ್ತಿ ಡಬ್ಬಿ ತೆಗೆದು, ‘ಪೋರ್ಟ್ ಎಲ್ಲಾ ಫುಲ್ ಅಕ್ಕಾ’ ಅಂದ. ಒಂದು ಡಬ್ಬಿಯೊಳಗೆ ಸ್ಪ್ಲಿಟರ್ ಅಂತ ಇರುತ್ತದೆ. ಒಂದು ಎಳೆಯಲ್ಲಿ ಬಂದ ಬೆಳಕನ್ನು ಎಂಟು ಮನೆಗೋ ಹದಿನಾರು ಮನೆಗೋ ಹಂಚುತ್ತದೆ. ನಮ್ಮದು ಎಂಟರದ್ದು, ಎಂಟೂ ಭರ್ತಿ. ಹೊಸ ಡಬ್ಬಿ ಬರುವವರೆಗೆ ಕಾಯಬೇಕೇನೋ ಅಂದುಕೊಳ್ಳುವಷ್ಟರಲ್ಲಿ ಅವನು ಜೇಬಿನಿಂದ ಬೆರಳುದ್ದದ ಇನ್ನೊಂದು ಸ್ಪ್ಲಿಟರ್ ತೆಗೆದು ಪಕ್ಕದ ಮೇಷ್ಟ್ರ ಮನೆಗೆ ಹೋಗುವ ಎಳೆಯನ್ನೇ ಎರಡು ಮಾಡಿಬಿಟ್ಟ. ಸಂಜೆಗೆ ನೆಟ್ ಬಂತು. ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದೆ.

ಮೇ ಮುಗಿಯುವವರೆಗೆ ತೊಂದರೆ ಇರಲಿಲ್ಲ. ಜೂನ್ ಮಳೆ ಹಿಡಿದದ್ದೇ ತಡ, ಗೋಡೆಗೆ ತಗುಲಿಸಿದ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿಟುಕತೊಡಗಿತು. ಮಳೆ ನಿಂತರೆ ಹಸಿರು, ಸುರಿದರೆ ಕೆಂಪು. ಮೂರನೇ ವಾರದಲ್ಲಿ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಕೂಗಿ, ‘ನೋಡಮ್ಮಾ, ನಿಮ್ಮ ಮನೆಗೆ ವೈರ್ ಎಳೆದ ಮೇಲೆ ನಮ್ದೂ ಕೈ ಕೊಡ್ತಿದೆ’ ಅಂದರು. ನನಗೆ ಸಿಟ್ಟು ಬಂತು, ಸುಳ್ಳು ಹೇಳಲಾರೆ. ಆಮೇಲೆ ನೋಡಿದರೆ ಅವರು ಹೇಳಿದ್ದೇ ಸರಿ.

ಫೈಬರಿನಲ್ಲಿ ಬರುವ ಬೆಳಕಿಗೂ ಒಂದು ಅಳತೆ ಇದೆ, ಡಿಬಿಎಂ ಅನ್ನುತ್ತಾರೆ. ಮೊಬೈಲ್ ಬ್ರೌಸರಿನಲ್ಲಿ `192.168.1.1` ಎಂದು ಟೈಪು ಮಾಡಿ, ಪೆಟ್ಟಿಗೆಯ ಹಿಂದೆ ಅಂಟಿಸಿದ ಹೆಸರು–ಪಾಸ್‌ವರ್ಡ್ ಕೊಟ್ಟರೆ ಹೆಚ್ಚಿನ ಮಾದರಿಗಳಲ್ಲಿ `Rx Power` ಎಂಬ ಸಾಲಿನಲ್ಲಿ ಅದು ಕಾಣುತ್ತದೆ. ಸಂಖ್ಯೆ ಮೈನಸ್‌ನಲ್ಲಿರುತ್ತದೆ. −20ರ ಆಸುಪಾಸು ಇದ್ದರೆ ನಿಶ್ಚಿಂತೆ. −27 ಬಂತೆಂದರೆ ಅಂಚು, ಅದರಾಚೆ ಹೋದಷ್ಟೂ ಪೆಟ್ಟಿಗೆಗೆ ಬೆಳಕು ಓದುವುದು ಕಷ್ಟ. ಮೂರು ಅಂಕಿ ಇಳಿದರೆ ಬೆಳಕು ಅರ್ಧವಾಯಿತೆಂದು ಲೆಕ್ಕ. ಒಂದನ್ನು ಎರಡು ಮಾಡುವ ಸ್ಪ್ಲಿಟರ್ ಮೂರೂವರೆಯಷ್ಟನ್ನು ತಿಂದೇ ತಿನ್ನುತ್ತದೆ. ನಮ್ಮ ಮನೆಯಲ್ಲಿ −27.6 ಇತ್ತು, ಮೇಷ್ಟ್ರ ಮನೆಯಲ್ಲಿ −25.9. ನಮ್ಮ ವೈರ್ ಉದ್ದ, ಕಿಟಕಿಯ ಮೂಲೆಯಲ್ಲಿ ಮಡಚಿಕೊಂಡೂ ಇತ್ತು. ಡಬ್ಬಿಯೊಳಗೆ ನೀರಿಳಿದು ಜೋಡಣೆ ತುಸು ಹದಗೆಟ್ಟರೆ ಸಾಕು, ಅಂಚಿನಲ್ಲಿದ್ದ ನಮ್ಮ ನೆಟ್ ಹೋಗಿಬಿಡುತ್ತಿತ್ತು. ಎರಡು ಸಲ ದೂರು ಕೊಟ್ಟೆ. ‘ಲೈಟ್ ಬರ್ತಿದೆಯಲ್ಲ ಮೇಡಂ’ ಎಂದು ದೂರು ಮುಚ್ಚಿದರು. ಬಿಸಿಲಿನಲ್ಲಿ ಬಂದು ನೋಡಿದರೆ ಬರದೇ ಇರುತ್ತದೆಯೇ?

ಡಿಸೆಂಬರಿನಲ್ಲಿ ನಮ್ಮವರಿಗೆ ಭದ್ರಾವತಿಗೆ ವರ್ಗವಾಯಿತು. ಜನ್ನಾಪುರದಲ್ಲಿ ಮನೆ ನೋಡಲು ಹೋದಾಗ ಓನರ್ ಬೀಗ ತೆಗೆಯುತ್ತಿದ್ದರೆ ನಾನು ರಸ್ತೆಯಲ್ಲೇ ನಿಂತು ಕಂಬ ನೋಡುತ್ತಿದ್ದೆ. ಮನೆ ಎದುರಿನ ಕಂಬದಲ್ಲಿ ಒಂದು ಡಬ್ಬಿ, ತಿರುವಿನಲ್ಲಿ ಇನ್ನೊಂದು ಕಂಪನಿಯದು. ಎರಡರಿಂದಲೂ ಯಾವ್ಯಾವ ಮನೆಗೆ ವೈರ್ ಇಳಿದಿದೆ ಎಂದು ಕಣ್ಣಲ್ಲೇ ಹಿಡಿದುಕೊಂಡು ಹೋದೆ. ವಿಚಾರಿಸಬೇಕಾದದ್ದು ಆ ಮನೆಗಳಲ್ಲೇ. ಹಿಂದಿನ ಬೀದಿಯವರ ನೆಟ್ ಎಷ್ಟು ಚೆನ್ನಾಗಿದ್ದರೂ ಅದು ಬೇರೆ ಡಬ್ಬಿಯದು, ನನಗೆ ಉಪಯೋಗವಿಲ್ಲ.

‘ನಿಮ್ಮ ನೆಟ್ ಹೇಗಿದೆ?’ ಎಂದು ಕೇಳಿದರೆ ಎಲ್ಲರೂ ‘ಪರವಾಗಿಲ್ಲ’ ಅನ್ನುತ್ತಾರೆ. ಹಾಗಾಗಿ ಪ್ರಶ್ನೆ ಬದಲಿಸಿದೆ: ಕೊನೆಯ ಸಲ ಹೋಗಿದ್ದು ಯಾವಾಗ, ಎಷ್ಟು ದಿನಕ್ಕೆ ಬಂತು, ರಿಪೇರಿಗೆ ಬಂದವರು ಯಾರು? ಎದುರು ಮನೆಯಲ್ಲಿ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಕ್ಯಾಲೆಂಡರ್ ತೆಗೆದು ತೋರಿಸಿದರು. ಹಾಲಿನ ಲೆಕ್ಕದ ಪಕ್ಕದಲ್ಲೇ ನೆಟ್ ಹೋದ ದಿನಗಳಿಗೂ ಪೆನ್ನಿನ ಗುರುತು! ಮಳೆಗಾಲದಲ್ಲಿ ಮೂರು ಸಲ ಹೋಗಿತ್ತು, ಮೂರು ಸಲವೂ ಅದೇ ದಿನ ಸಂಜೆಯೊಳಗೆ ಸರಿಯಾಗಿತ್ತು. ‘ಹುಡುಗ ಇಲ್ಲೇ ಹೊಸಮನೆಯವನು, ಫೋನ್ ಮಾಡಿದ್ರೆ ಗಾಡಿ ಹತ್ಕೊಂಡು ಬರ್ತಾನೆ’ ಅಂದರು. ತಿರುವಿನ ಡಬ್ಬಿಯ ಕಂಪನಿ ಜಾಸ್ತಿ ಸ್ಪೀಡ್ ಕೊಡುತ್ತಿತ್ತು. ಆದರೆ ಆ ಸಾಲಿನ ಮನೆಯೊಂದರಲ್ಲಿ ವೈರ್ ತುಂಡಾಗಿ ನಾಲ್ಕು ದಿನ ಕಾದಿದ್ದರು. ಶಿವಮೊಗ್ಗದಿಂದ ಜನ ಬರಬೇಕಿತ್ತಂತೆ.

ಅದೇ ಮನೆಯಲ್ಲಿ ಇನ್ನೊಂದು ಕಂಡಿತು. ಒಳಗೆ ಬಂದಿದ್ದ ವೈರ್ ದಪ್ಪ, ನೀಲಿ, ತುದಿಯಲ್ಲಿ ಕಂಪ್ಯೂಟರಿಗೆ ಚುಚ್ಚುವ ಪಾರದರ್ಶಕ ಪಿನ್. ಫೈಬರಾದರೆ ಕಡ್ಡಿಯಷ್ಟು ತೆಳ್ಳಗಿನ ಎಳೆ, ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಕನೆಕ್ಟರ್ ಇರುತ್ತದೆ. ಅಂದರೆ ಅವರಿಗೆ ಫೈಬರ್ ಕಂಬದವರೆಗೆ ಮಾತ್ರ, ಅಲ್ಲಿಂದ ಮನೆಗೆ ತಾಮ್ರ. ಮುಂಗಾರಿಗೆ ಮುಂಚಿನ ಗುಡುಗು–ಸಿಡಿಲಿಗೆ ತಾಮ್ರದ ವೈರ್ ಮೂಲಕ ರೂಟರ್ ಸುಡುವುದುಂಟು. ಕಂಬದ ಮೇಲಿನ ಪೆಟ್ಟಿಗೆಗೆ ಕರೆಂಟೂ ಬೇಕು, ಕರೆಂಟ್ ಹೋದರೆ ನಮ್ಮ ಮನೆಯ ಯುಪಿಎಸ್ ಏನೂ ಮಾಡಲಾರದು. ಸ್ಪ್ಲಿಟರಿಗಾದರೆ ಕರೆಂಟೇ ಬೇಡ. ಆದರೂ ಬೆಳಕು ಹೊರಡುವ ಕಚೇರಿಯಲ್ಲಿ ಬ್ಯಾಟರಿ ಇರಬೇಕಲ್ಲ. ಅದನ್ನೂ ಹಿರಿಯರನ್ನೇ ಕೇಳಿದೆ. ಎರಡು ಗಂಟೆ ಕರೆಂಟ್ ಹೋದಾಗಲೂ ಅವರ ಮೊಮ್ಮಗನ ಕ್ರಿಕೆಟ್ ನಿಂತಿರಲಿಲ್ಲ.

ಹೊಸಮನೆಯ ಹುಡುಗನಿಗೆ ಫೋನ್ ಮಾಡಿದೆ. ಓನರ್‌ಗೆ ಅಡ್ವಾನ್ಸ್ ಇನ್ನೂ ಕೊಟ್ಟಿರಲಿಲ್ಲ. ಡಬ್ಬಿ ತೆಗೆಸಿ ಖಾಲಿ ಪೋರ್ಟ್ ಎಷ್ಟೆಂದು ಕೇಳಿದೆ, ಮೂರಿತ್ತು. ‘ಒಂದಕ್ಕೆ ಮೀಟರ್ ಹಚ್ಚು ನೋಡೋಣ’ ಅಂದೆ. ಅವನು ನನ್ನನ್ನೊಮ್ಮೆ ನೋಡಿ, ಹಚ್ಚಿದ. −20.1. ರಾತ್ರಿ ಒಂಬತ್ತಕ್ಕೆ, ಎಲ್ಲರೂ ಟಿವಿ ಮುಂದೆ ಕೂತಿರುವ ಹೊತ್ತಿಗೆ, ಹಿರಿಯರ ಮೊಮ್ಮಗ ರೂಟರಿನ ಪಕ್ಕದಲ್ಲೇ ನಿಂತು ಸ್ಪೀಡ್ ಅಳೆದು ಫೋಟೋ ಕಳಿಸಿದ: 100ರ ಪ್ಲಾನಿನಲ್ಲಿ ಇಳಿಕೆ 84, ಏರಿಕೆ 91. ನನ್ನ ಕೆಲಸಕ್ಕೆ ಏರಿಕೆಯೇ ಮುಖ್ಯ. ಗೋಡೆಗೆ ತೂತು ಕೊರೆಯಲು ಓನರ್ ಒಪ್ಪಿದ ಮೇಲೆ ಅಡ್ವಾನ್ಸ್ ಕೊಟ್ಟೆವು. ನೆಟ್ಟಿಗೆ ಒಂದು ತಿಂಗಳದ್ದು ಮಾತ್ರ ಕಟ್ಟಿದೆ.

ಇಷ್ಟೆಲ್ಲ ನೋಡಿದರೂ ಮರುವರ್ಷ ಆಗಸ್ಟಿನಲ್ಲಿ ಒಂದು ದಿನ ಪೂರ್ತಿ ನೆಟ್ ಇರಲಿಲ್ಲ. ಶಿವಮೊಗ್ಗ ರಸ್ತೆಯಲ್ಲಿ ಎಲ್ಲೋ ಮರ ಬಿದ್ದು ದೊಡ್ಡ ಕೇಬಲ್ಲೇ ಹರಿದಿತ್ತು, ಇಡೀ ಬಡಾವಣೆಗೆ ಇರಲಿಲ್ಲ. ಅಂಥದಕ್ಕೆ ಕಂಬ ನೋಡಿ, ಅಕ್ಕಪಕ್ಕದವರನ್ನು ಕೇಳಿ ಪ್ರಯೋಜನವಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಸಾಗಿಸಿದೆ.

ಗೋಪಾಳದ ಮನೆ ಬಿಡುವ ದಿನ ನಾನು ಮರೆಯದೆ ಮಾಡಿಸಿದ್ದು ಒಂದೇ ಕೆಲಸ. ಕೇಬಲ್ ಹುಡುಗನನ್ನು ಕರೆಸಿ, ಎದುರಿಗೇ ನಿಂತು, ಆ ಬೆರಳುದ್ದದ ಸ್ಪ್ಲಿಟರ್ ಬಿಚ್ಚಿಸಿದೆ. ಸಂಜೆ ಮೇಷ್ಟ್ರು ಫೋನ್ ಮಾಡಿ, ‘−22.3 ತೋರಿಸ್ತಿದೆಯಮ್ಮಾ’ ಅಂದರು.