ಅರಿಶಿನದ ಪ್ಯಾಕೆಟ್ ಮೇಲಿನ ಫೋನ್ ನಂಬರ್: ಆನ್‌ಲೈನ್ ಮಾರಾಟದಲ್ಲಿ ಗೆರೆ ಎಲ್ಲಿದೆ?

ಹೋದ ವರ್ಷ ಹೊಸ ಅರಿಶಿನ ಪುಡಿ ಮಾಡಿಸಿ ಪ್ಯಾಕ್ ಮಾಡುವ ಹೊತ್ತಿಗೆ ಸರಿಯಾಗಿ, ಒಂದು ದೊಡ್ಡ ಮಾರಾಟದ ಆ್ಯಪ್‌ನಲ್ಲಿದ್ದ ನನ್ನ ಪುಟ ಮಾಯವಾಯ್ತು. ಹಿಂದಿನ ರಾತ್ರಿ ಇತ್ತು, ಬೆಳಗ್ಗೆ ಇಲ್ಲ. ಗ್ರಾಹಕರನ್ನು ಆ್ಯಪ್‌ನಿಂದ ಹೊರಗೆ ಕರೆದಿದ್ದೀರಿ ಎಂದು ಎರಡು ಸಾಲಿನ ಇಮೇಲ್ ಬಂದಿತ್ತು. ಕಳಿಸಿ ಆಗಿದ್ದ ಆರ್ಡರ್‌ಗಳ 11,400 ರೂಪಾಯಿಯೂ ತಡೆಹಿಡಿದಿದ್ದರು. ಕೆಲಸದವರಿಗೆ ಬಟವಾಡೆ ಮಾಡುವ ವಾರ ಅದು.

ನಾನು ಮಾಡಿದ್ದಿಷ್ಟೇ. ಪ್ರತಿ ಪ್ಯಾಕೆಟ್ ಜೊತೆ ಒಂದು ಸಣ್ಣ ಚೀಟಿ ಇಡ್ತಿದ್ದೆ: 'ಮುಂದಿನ ಸಲ ನೇರವಾಗಿ ವಾಟ್ಸಾಪ್ ಮಾಡಿ, 160ರ ಪ್ಯಾಕೆಟ್ 130ಕ್ಕೆ ಕೊಡ್ತೀವಿ.' ಕೆಳಗೆ ನನ್ನ ನಂಬರ್ ಮತ್ತು ಹಣ ಕಳಿಸೋಕೆ ಕ್ಯೂಆರ್ ಕೋಡ್. ಒಬ್ಬ ಗ್ರಾಹಕರು ಪುಡಿ ಚೆನ್ನಾಗಿದೆ ಅಂತ ಐದು ಸ್ಟಾರ್ ಕೊಟ್ಟು, ಪಾಪ, ಪ್ಯಾಕೆಟ್ ಮತ್ತು ಚೀಟಿ ಎರಡನ್ನೂ ಸೇರಿಸಿ ಫೋಟೋ ಹಾಕಿದ್ದರು. ಸಿಕ್ಕಿಬಿದ್ದಿದ್ದು ಹೀಗೆ.

ಮೊದಲು ಸಿಟ್ಟು ಬಂತು. ನಾನು ಬೆಳೆದದ್ದು, ನಾನು ಪುಡಿ ಮಾಡಿಸಿದ್ದು, ನನ್ನ ನಂಬರ್ ಕೊಡೋಕೂ ಸ್ವಾತಂತ್ರ್ಯ ಇಲ್ವಾ ಅಂತ. ಆಮೇಲೆ ಕೂತು ಯೋಚಿಸಿದಾಗ ವಿಷಯ ಬೇರೆ ಅಂತ ತಿಳೀತು. ಇಂಥ ಆ್ಯಪ್‌ಗೆ ದುಡಿಮೆ ಬರುವುದೇ ಪ್ರತಿ ಆರ್ಡರ್‌ನ ಕಮಿಷನ್‌ನಿಂದ. ಗ್ರಾಹಕರನ್ನು ಹುಡುಕಿ ತಂದವರು ಅವರು, ಮಾರಾಟವನ್ನು ಹೊರಗೆ ಮುಗಿಸಿದವನು ನಾನು. ಇನ್ನೊಂದು ಕಾರಣ ಮೋಸ. ಹಣ ಆ್ಯಪ್ ಒಳಗೆ ಕಟ್ಟಿದ್ದರೆ ಸರಕು ಬರದಿದ್ದಾಗ ವಾಪಸ್ ಕೇಳಬಹುದು. ಹೊರಗೆ ಯುಪಿಐ ಮಾಡಿದ್ದರೆ ಆ್ಯಪ್‌ನವರ ಕೈಯಲ್ಲಿ ಏನೂ ಇರಲ್ಲ. ಕಳ್ಳರು ಮೊದಲು ಕೇಳುವುದೂ 'ವಾಟ್ಸಾಪ್‌ಗೆ ಬನ್ನಿ' ಎಂದೇ. ಹಾಗಾಗಿ ಪ್ರಾಮಾಣಿಕ ರೈತನ ಚೀಟಿಯೂ ಕಳ್ಳನ ಚೀಟಿಯೂ ಅವರಿಗೆ ಒಂದೇ ಥರ ಕಾಣುತ್ತೆ. ಅಮೆಜಾನ್ ನಿಯಮದಲ್ಲಿ ಗ್ರಾಹಕರನ್ನು ಬೇರೆ ವೆಬ್‌ಸೈಟ್‌ಗೆ ಅಥವಾ ಬೇರೆ ಮಾರಾಟದ ದಾರಿಗೆ ತಿರುಗಿಸುವ ಯಾವ ಪ್ರಯತ್ನವೂ ನಿಷಿದ್ಧ. ಇಬೇ, ಎಟ್ಸಿಯಲ್ಲೂ ಇಂಥದೇ ನಿಯಮ ಇದೆ.

ಇನ್ನು ಆ ಚೀಟಿಯಿಂದ ನನಗೆ ಸಿಕ್ಕ ಲಾಭ ನೋಡಿ. 250 ಗ್ರಾಂ ಪ್ಯಾಕೆಟ್ 160ಕ್ಕೆ ಹೋದರೆ ಕಮಿಷನ್, ಸಾಗಾಣಿಕೆ ಎಲ್ಲ ಕಳೆದು ನನಗೆ 102 ರೂಪಾಯಿ ಬರ್ತಿತ್ತು. ನೇರವಾಗಿ 130ಕ್ಕೆ ಮಾರಿ, ಬೆಂಗಳೂರಿಗೆ ಕೊರಿಯರ್‌ಗೆ 45 ಕೊಟ್ಟರೆ ಉಳಿಯುವುದು 85. ಅಂದ್ರೆ ಒಂದೇ ಪ್ಯಾಕೆಟ್ ತಗೊಂಡವರಿಂದ ನನಗೆ ನಷ್ಟ! ನಾಲ್ಕು ಪ್ಯಾಕೆಟ್ ಒಟ್ಟಿಗೆ ತಗೊಂಡರೆ 520 ಬರುತ್ತೆ, ಕೊರಿಯರ್ 70 ಹೋಗಿ 450 ಉಳಿಯುತ್ತೆ. ಅದೇ ನಾಲ್ಕು ಆ್ಯಪ್‌ನಲ್ಲಿ ಹೋಗಿದ್ದರೆ 408. ಒಂದು ಕಿಲೋಗೆ 42 ರೂಪಾಯಿ ಹೆಚ್ಚಿಗೆ ಸಿಗಲಿ ಅಂತ ಇಡೀ ಖಾತೆಯನ್ನೇ ಪಣಕ್ಕಿಟ್ಟಿದ್ದೆ. ಈ ಲೆಕ್ಕವನ್ನು ಚೀಟಿ ಪ್ರಿಂಟ್ ಹಾಕಿಸುವ ಮೊದಲು ಹಾಕಬೇಕಿತ್ತು.

ಹಾಗಾದ್ರೆ ಗೆರೆ ಎಲ್ಲಿದೆ? ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಗ್ರಾಹಕರ ಹಣ ಆ್ಯಪ್ ಮೂಲಕ ಹೋಗುತ್ತಾ? ಹೋಗುವುದಾದರೆ ಆ ಗ್ರಾಹಕರ ಮಾತುಕತೆ, ಪಾವತಿ ಎರಡೂ ಅಲ್ಲೇ ಮುಗಿಯಬೇಕು. ಆದರೆ ಓಎಲ್‌ಎಕ್ಸ್‌ನಂಥ ಜಾಹೀರಾತು ತಾಣದಲ್ಲಿ ಹಳೇ ಸ್ಪ್ರೇಯರ್ ಮಾರಲು ಹಾಕಿದರೆ, ಕೊಳ್ಳುವವರು ಫೋನ್ ಮಾಡಿ, ಬಂದು ನೋಡಿ, ಕೈಗೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಅಲ್ಲಿನ ಪದ್ಧತಿಯೇ ಅದು. ನಿಮ್ಮ ಸ್ವಂತ ಇನ್‌ಸ್ಟಾಗ್ರಾಮ್ ಪುಟದಲ್ಲಿ, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ 'ಆರ್ಡರ್‌ಗೆ ಮೆಸೇಜ್ ಮಾಡಿ' ಅಂದರೂ ತೊಂದರೆ ಇಲ್ಲ, ಯಾಕಂದ್ರೆ ಅಲ್ಲಿಗೆ ಗ್ರಾಹಕರನ್ನು ಕರೆತಂದವರು ನೀವು. ಮಾತು ಅದೇ, ಜಾಗ ಬೇರೆ.

ಚಿಕ್ಕ ಮಾರಾಟಗಾರರು ಎಡವುವುದು ಲೇಬಲ್ ವಿಷಯದಲ್ಲಿ. ಪ್ಯಾಕ್ ಮಾಡಿದ ಸರಕುಗಳ 2011ರ ಕಾನೂನು ಮಾಪನ ನಿಯಮದಂತೆ, ದೂರು ಹೇಳಲು ಯಾರನ್ನು ಸಂಪರ್ಕಿಸಬೇಕು ಎಂಬ ಹೆಸರು, ವಿಳಾಸ, ಫೋನ್ ನಂಬರ್ ಪ್ಯಾಕೆಟ್ ಮೇಲೆ ಇರಲೇಬೇಕು. ಅತ್ತ ಆ್ಯಪ್ ನಂಬರ್ ಬೇಡ ಅನ್ನುತ್ತೆ, ಇತ್ತ ಕಾನೂನು ಬೇಕು ಅನ್ನುತ್ತೆ. ಪರಿಹಾರ ಸರಳ. ನಂಬರ್ ಪ್ಯಾಕೆಟ್ ಹಿಂಬದಿಯಲ್ಲಿ, 'ಗ್ರಾಹಕರ ದೂರುಗಳಿಗೆ' ಎಂಬ ತಲೆಬರಹದ ಕೆಳಗೆ, ಬೇರೆ ಅಕ್ಷರಗಳ ಗಾತ್ರದಲ್ಲೇ ಇರಲಿ. ಮುಂಬದಿಯಲ್ಲಿ ದಪ್ಪಕ್ಷರದ ನಂಬರ್, ಹಸಿರು ವಾಟ್ಸಾಪ್ ಗುರುತು, ಕ್ಯೂಆರ್ ಬೇಡ. ಅದೇ ನಂಬರ್ 'ದೂರಿಗೆ' ಅಂದರೆ ಕಾನೂನಿನ ಪಾಲನೆ, 'ಆರ್ಡರ್‌ಗೆ' ಅಂದರೆ ಆ್ಯಪ್‌ನ ಉಲ್ಲಂಘನೆ.

ಪುಟಕ್ಕೆ ಹಾಕುವ ಮೊದಲ ಫೋಟೋದಲ್ಲಿ ಮುಂಬದಿ ಮಾತ್ರ ಇರಲಿ. ಹಿಂಬದಿಯ ಲೇಬಲ್ ಫೋಟೋ ಕೇಳಿದರೆ ಅದಕ್ಕೆಂದೇ ಇರುವ ಜಾಗದಲ್ಲಿ ಹಾಕಿ. ಫೋಟೋದ ಒಳಗಿನ ಅಕ್ಷರವನ್ನೂ ಯಂತ್ರ ಓದುತ್ತೆ. ಹತ್ತು ಅಂಕಿಯ ಸಾಲು, `wa.me` ಲಿಂಕು, `@okaxis` ಥರದ ಯುಪಿಐ ಬಾಲ, ಇವು ಸುಲಭವಾಗಿ ಗುರುತಾಗುವ ಸುಳಿವುಗಳು. ನಂಬರನ್ನು 'ಒಂಬತ್ತು ಎಂಟು' ಅಂತ ಅಕ್ಷರದಲ್ಲಿ ಬರೆಯುವ ಜಾಣತನ ಮಾಡಬೇಡಿ. ಬೇಕಂತಲೇ ಮುಚ್ಚಿಟ್ಟಿದ್ದೀರಿ ಅನ್ನೋದಕ್ಕೆ ಅದೇ ಸಾಕ್ಷಿ ಆಗುತ್ತೆ.

ಇನ್ನೊಂದು ಸಂದರ್ಭ ನಿಮಗೂ ಬರುತ್ತೆ. ಗ್ರಾಹಕರೇ ಆ್ಯಪ್ ಚಾಟ್‌ನಲ್ಲಿ 'ಅಣ್ಣಾ, ಐದು ಕೆಜಿ ಬೇಕು, ನೇರವಾಗಿ ಕೊಡ್ತೀರಾ? ನಂಬರ್ ಕಳ್ಸಿ' ಅಂತಾರೆ. ಕೇಳಿದ್ದು ಅವರೇ ಆದರೂ ನಂಬರ್ ಕಳಿಸಿದರೆ ತಪ್ಪು ನಿಮ್ಮದು. ನಾನೀಗ ಬರೆಯೋದು ಹೀಗೆ: 'ಐದು ಕೆಜಿ ಪ್ಯಾಕ್ ಇವತ್ತೇ ಪುಟಕ್ಕೆ ಹಾಕ್ತೀನಿ, ಕೆಜಿಗೆ ಬೆಲೆಯೂ ಕಡಿಮೆ ಬೀಳುತ್ತೆ, ಇಲ್ಲೇ ಆರ್ಡರ್ ಮಾಡಿ.' ಅವರಾಗಿ ಪ್ಯಾಕೆಟ್ ಹಿಂದಿನ ನಂಬರ್ ನೋಡಿ ಫೋನ್ ಮಾಡಿದರೆ ಮಾತಾಡ್ತೀನಿ. ಆದರೆ ಪಾರ್ಸೆಲ್ ಚೀಟಿಯಲ್ಲಿರುವ ಅವರ ನಂಬರ್ ಬರೆದಿಟ್ಟುಕೊಂಡು ನಾನಾಗಿ ಮೆಸೇಜ್ ಕಳಿಸಲ್ಲ. ಆ ವಿವರ ಕೊಟ್ಟಿದ್ದು ಆ ಆರ್ಡರ್ ತಲುಪಿಸೋದಕ್ಕೆ ಮಾತ್ರ.

ಹೊರಗೆ ಕರೆಯುವ 'ಗ್ರಾಹಕ'ನೇ ಕಳ್ಳನಾಗಿರಬಹುದು ಅನ್ನೋದೂ ನೆನಪಿರಲಿ. ನಮ್ಮ ಪಕ್ಕದೂರಿನ ಹುಡುಗ ಜಾಹೀರಾತಿನಲ್ಲಿ ಡ್ರಿಪ್ ಪೈಪ್ ಮಾರಲು ಹಾಕಿದ್ದ. ಕೊಳ್ಳುವವನು ವಾಟ್ಸಾಪ್‌ಗೆ ಕರೆದು ಕ್ಯೂಆರ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬರುತ್ತೆ' ಅಂದ. ಬರಬೇಕಿದ್ದ ದುಡ್ಡಿನ ಬದಲು ಇವನ ಖಾತೆಯಿಂದಲೇ ಹೋಯ್ತು. ಯುಪಿಐನಲ್ಲಿ ಹಣ ಪಡೆಯೋಕೆ ಪಿನ್ ಹಾಕಬೇಕಾಗಿಲ್ಲ, ಕೊಡೋಕೆ ಮಾತ್ರ. ಹಾಗೇನಾದರೂ ಆಗಿಬಿಟ್ಟರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ನನ್ನ ಪುಟದ ಕಥೆಗೆ ಬಂದರೆ, ಮೊದಲ ಮನವಿಯಲ್ಲಿ 'ನಾನು ಬಡ ರೈತ, ಗೊತ್ತಿರಲಿಲ್ಲ' ಅಂತ ಉದ್ದಕ್ಕೆ ಬರೆದಿದ್ದೆ. ಎರಡೇ ದಿನದಲ್ಲಿ ತಿರಸ್ಕಾರವಾಯ್ತು. ಎರಡನೇ ಸಲ ನಾಲ್ಕೇ ಸಾಲು: ಪ್ಯಾಕೆಟ್‌ನಲ್ಲಿ ಚೀಟಿ ಇಟ್ಟಿದ್ದು ನಿಜ, ಈ ತಾರೀಖಿನಿಂದ ನಿಲ್ಲಿಸಿದ್ದೇನೆ, ಉಳಿದ ಚೀಟಿಗಳನ್ನು ನಾಶ ಮಾಡಿದ್ದೇನೆ, ಹೊಸ ಲೇಬಲ್‌ನ ಎರಡೂ ಬದಿಯ ಫೋಟೋ ಲಗತ್ತಿಸಿದ್ದೇನೆ. ಒಂಬತ್ತು ದಿನಕ್ಕೆ ಪುಟ ವಾಪಸ್ ಬಂತು, ಹಣ ಅದರ ಮುಂದಿನ ವಾರ. ಹಳೇ ರಿವ್ಯೂಗಳೆಲ್ಲ ಹಾಗೇ ಇದ್ದವು, ಚೀಟಿಯ ಫೋಟೋ ಇದ್ದ ಆ ಐದು ಸ್ಟಾರ್ ಒಂದು ಬಿಟ್ಟು. ಈಗಲೂ ಪ್ಯಾಕೆಟ್ ಒಳಗೆ ಚೀಟಿ ಇಡ್ತೀನಿ. ಪುಡಿಯನ್ನು ಗಾಜಿನ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ, ಒದ್ದೆ ಚಮಚ ಹಾಕಬೇಡಿ ಅಂತ ಅದರಲ್ಲಿದೆ, ಅಷ್ಟೇ.