‘ಪೂರೈಸುತ್ತದೆ’ ಸರಿ, ಯಾವ ಪುಟದಲ್ಲಿ?

ಟೆಂಡರ್ ಪರಿಶೀಲನಾ ಸಮಿತಿಗೆ ಎಲೆಕ್ಟ್ರಿಕಲ್ ವಿಷಯ ಬಲ್ಲವನೆಂದು ನನ್ನನ್ನು ಸೇರಿಸಿಕೊಳ್ಳತೊಡಗಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬಿಡ್ ತೆರೆಯುವ ಮೊದಲೇ ಟೆಂಡರಿನ ಷರತ್ತುಗಳನ್ನು ಒಂದೊಂದು ಸಾಲಿಗೆ ಒಂದರಂತೆ ಬರೆದು, ಪಕ್ಕದ ಅಂಕಣ ಖಾಲಿ ಬಿಡುತ್ತೇನೆ. ಅಲ್ಲಿ ತುಂಬುವುದು ‘ಇದೆ’, ‘ಇಲ್ಲ’ ಎಂಬ ಮಾತನ್ನಲ್ಲ, ಬಿಡ್‌ನ ಪುಟ ಸಂಖ್ಯೆಯನ್ನು. ಸಂಖ್ಯೆ ಬರೆಯಲಾಗದ ಸಾಲಿನಲ್ಲೇ ನಿಜವಾದ ಕೆಲಸ ಶುರುವಾಗುವುದು.

ಒಮ್ಮೆ 10 ಕೆವಿಎ ಸಾಮರ್ಥ್ಯದ ಹನ್ನೆರಡು ಆನ್‌ಲೈನ್ ಯುಪಿಎಸ್ ಖರೀದಿಗೆ ನಾಲ್ಕು ಬಿಡ್ ಬಂದಿದ್ದವು. ತಾಂತ್ರಿಕ ಬಿಡ್ ಒಂದು ಲಕೋಟೆ, ದರದ್ದು ಇನ್ನೊಂದು. ಕಳೆದ ಐದು ವರ್ಷಗಳಲ್ಲಿ ಇಂಥದೇ ಯುಪಿಎಸ್‌ಗಳನ್ನು ಬಿಡ್‌ದಾರರೇ ಸರಬರಾಜು ಮಾಡಿ ಅಳವಡಿಸಿರಬೇಕೆಂಬುದು ಅರ್ಹತಾ ಷರತ್ತು. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಖರೀದಿ ಆದೇಶ, ಇನ್‌ವಾಯ್ಸ್, ತೃಪ್ತಿಕರ ಕಾರ್ಯನಿರ್ವಹಣೆಯ ಪ್ರಮಾಣಪತ್ರ ಎಲ್ಲವನ್ನೂ ಅಚ್ಚುಕಟ್ಟಾಗಿ ಲಗತ್ತಿಸಿತ್ತು. ಹೆಸರೂ ಹೆಚ್ಚುಕಡಿಮೆ ಅದೇ. ಆದರೆ ಇನ್‌ವಾಯ್ಸ್‌ನ ಜಿಎಸ್‌ಟಿ ಸಂಖ್ಯೆ ಬೇರೆ ಕಥೆ ಹೇಳುತ್ತಿತ್ತು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ ಕಂಪನಿಗಾದರೆ ‘ಸಿ’, ಪಾಲುದಾರಿಕೆ ಸಂಸ್ಥೆಗಾದರೆ ‘ಎಫ್’. ಇನ್‌ವಾಯ್ಸ್‌ನಲ್ಲಿ ಇದ್ದದ್ದು ‘ಎಫ್’. ಅಂದರೆ ಆ ಅನುಭವ ಬಿಡ್ ಹಾಕಿದ ಕಂಪನಿಯದಲ್ಲ, ಅದೇ ಮನೆಯವರ ಇನ್ನೊಂದು ಸಂಸ್ಥೆಯದು. ಪಾಲುದಾರಿಕೆಯೇ ಕಂಪನಿಯಾಗಿ ಪರಿವರ್ತನೆಗೊಂಡಿದ್ದರೆ ಅದರ ದಾಖಲೆ ಇರಬೇಕಿತ್ತು. ಕೇಳಿದೆವು, ಬರಲಿಲ್ಲ. ಆ ಸಾಲು ಖಾಲಿಯೇ ಉಳಿಯಿತು, ಬಿಡ್ ಅನರ್ಹವಾಯಿತು.

ಎರಡನೇ ಬಿಡ್‌ನ ಲೋಪವನ್ನು ಪತ್ತೆ ಮಾಡುವುದು ಇನ್ನೂ ಕಷ್ಟವಿತ್ತು. 8 ಕಿಲೋವ್ಯಾಟ್ ಹೊರೆಗೆ 30 ನಿಮಿಷ ಬ್ಯಾಕಪ್ ಬೇಕು, ಬ್ಯಾಟರಿಯ ಲೆಕ್ಕ ಕೊಡಿ ಎಂದು ಕೇಳಿದ್ದೆವು. ಒಬ್ಬರು ಪ್ರತಿ ಸಾಲಿನ ಎದುರೂ ‘ಪೂರೈಸುತ್ತದೆ’ ಎಂದು ಬರೆದು, ಲೆಕ್ಕವನ್ನೇ ಕೊಟ್ಟಿರಲಿಲ್ಲ. ಅವರ ಕ್ಯಾಟಲಾಗ್ ಹುಡುಕಿದಾಗ 12 ವೋಲ್ಟ್, 26 ಎಎಚ್‌ನ ಹದಿನಾರು ಬ್ಯಾಟರಿ ಎಂದಿತ್ತು. 192 ವೋಲ್ಟನ್ನು 26ರಿಂದ ಗುಣಿಸಿದರೆ ಸುಮಾರು 5,000 ವ್ಯಾಟ್-ಗಂಟೆ. ಬೇಕಾದದ್ದು 4,000. ಕಾಗದದ ಮೇಲೆ ಸಾಕಷ್ಟು ಮಿಗುತ್ತದೆ, ಸಮಿತಿಯ ಒಬ್ಬರು ಸಾಕೆಂದೂ ಹೇಳಿದರು. ಆದರೆ ಮೇಲೆ ಬರೆದ 26 ಎಎಚ್ ನಿಧಾನವಾಗಿ, ಹತ್ತಿಪ್ಪತ್ತು ಗಂಟೆಗಳಲ್ಲಿ ಖಾಲಿ ಮಾಡಿದಾಗ ಸಿಗುವ ಸಾಮರ್ಥ್ಯ. ಅರ್ಧ ಗಂಟೆಯಲ್ಲೇ ಬರಿದು ಮಾಡಿದರೆ ಸೀಸದ ಬ್ಯಾಟರಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟೀತು, ಇನ್ವರ್ಟರ್‌ನ ನಷ್ಟ ಬೇರೆ. ನಮ್ಮ ಹೊರೆಗೆ ಅದು ಇಪ್ಪತ್ತು ನಿಮಿಷವೂ ಬಾರದು.

ವಿವರಣೆ ಕೇಳಿದ್ದಕ್ಕೆ, ಅದೇ ದರದಲ್ಲಿ 65 ಎಎಚ್ ಕೊಡುತ್ತೇವೆ ಎಂಬ ಉತ್ತರ ಬಂತು. ಸಂಸ್ಥೆಗೆ ಲಾಭವಲ್ಲವೇ ಎಂಬ ಮಾತೂ ಎದ್ದಿತು. ನಾನು ಒಪ್ಪಲಿಲ್ಲ. ಸಲ್ಲಿಸಿದ ಬಿಡ್‌ನಲ್ಲಿರುವುದನ್ನು ಬಿಡಿಸಿ ಹೇಳುವುದು ವಿವರಣೆ, ಇಲ್ಲದ ವಸ್ತುವನ್ನು ತಂದು ಸೇರಿಸುವುದು ಹೊಸ ಬಿಡ್. ಉಳಿದವರು ದೊಡ್ಡ ಬ್ಯಾಟರಿಯ ಬೆಲೆಯನ್ನು ಮೊದಲೇ ಲೆಕ್ಕ ಹಾಕಿ ದರ ಬರೆದಿದ್ದರು. ಗಡುವು ಮುಗಿದ ಮೇಲೆ ಒಬ್ಬರಿಗೆ ಮಾತ್ರ ತಿದ್ದಲು ಬಿಟ್ಟರೆ ಉಳಿದವರಿಗೆ ಅನ್ಯಾಯ.

ಆ ಬಿಡ್ ಕೂಡ ಅನರ್ಹವಾದ ಮೇಲೆ ಉಳಿದ ಇಬ್ಬರ ದರದ ಲಕೋಟೆ ತೆರೆದೆವು. ಮೊತ್ತವನ್ನು ಪೋರ್ಟಲ್ ತಾನೇ ಗುಣಿಸುವಲ್ಲಿ ಲೆಕ್ಕದ ತೊಡಕು ಬರುವುದಿಲ್ಲ, ಆದರೆ ನಮ್ಮ ಟೆಂಡರಿನಲ್ಲಿ ದರಪಟ್ಟಿಯನ್ನು ಬಿಡ್‌ದಾರರೇ ತುಂಬಿ ಲಗತ್ತಿಸಬೇಕಿತ್ತು. ಒಬ್ಬರ ಒಟ್ಟು ಮೊತ್ತ ₹21,14,000, ಇನ್ನೊಬ್ಬರದು ₹21,48,000. ಮೊದಲನೆಯವರೇ ಎಲ್-1 ಎಂದು ಗುಮಾಸ್ತರು ಬರೆದೂ ಆಗಿತ್ತು. ಆ ಬಿಡ್‌ನ ಬಿಡಿ ದರ ನೋಡಿದರೆ ₹1,84,500, ಹನ್ನೆರಡರಿಂದ ಗುಣಿಸಿದರೆ ₹22,14,000. ಒಂದು ಲಕ್ಷ ಕಡಿಮೆ ಬರೆದಿದ್ದರು. ಬಿಡಿ ದರಕ್ಕೂ ಮೊತ್ತಕ್ಕೂ ತಾಳೆಯಾಗದಿದ್ದರೆ ಬಿಡಿ ದರವೇ ಅಂತಿಮ ಎಂದು ನಮ್ಮ ಟೆಂಡರ್ ದಾಖಲೆಯಲ್ಲೇ ಇತ್ತು. ಅದರಂತೆ ಎರಡನೆಯವರು ₹1,79,000ದ ದರದಲ್ಲಿ ಎಲ್-1 ಆದರು. ಇದು ಸಮಿತಿಯ ವಿವೇಚನೆಗೆ ಬಿಟ್ಟ ಮಾತಲ್ಲ. ದಾಖಲೆಯ ನಿಯಮ ಯಾವುದೋ ಅದರಂತೆಯೇ ತಿದ್ದಬೇಕು, ತಿದ್ದಿದ್ದನ್ನು ಬಿಡ್‌ದಾರರಿಗೆ ಲಿಖಿತವಾಗಿ ತಿಳಿಸಬೇಕು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಪ್ರಕರಣದಂತೆ, ಟೆಂಡರ್ ಅಂಗೀಕಾರದ ಆದೇಶದಿಂದ ನೊಂದ ಬಿಡ್‌ದಾರರು ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಗ ಸಮಿತಿಯ ಪರವಾಗಿ ಮಾತನಾಡುವುದು ನಡಾವಳಿಯೊಂದೇ. ‘ತಾಂತ್ರಿಕವಾಗಿ ಅನರ್ಹ’ ಎಂಬ ಎರಡೇ ಪದಗಳ ಕೆಳಗೆ ದಯವಿಟ್ಟು ಸಹಿ ಹಾಕಬೇಡಿ. ಯಾವ ಷರತ್ತು, ಬಿಡ್‌ನ ಯಾವ ಪುಟ, ಅಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬರೆಸಿಕೊಂಡೇ ಸಹಿ ಮಾಡಿ.