ಕೆಲಸ ಎರಡು, ಲೆಕ್ಕ ನಾಲ್ಕು

ಪುಟ್ಟಿ,

ನೀನು ಕಳಿಸಿದ ಎರಡೂ ಆಫರ್ ಲೆಟರ್‌ಗಳನ್ನೂ, ಬಾಡಿಗೆ ವಿಚಾರಿಸಿ ಬರೆದುಕೊಂಡಿದ್ದ ಹಾಳೆಯನ್ನೂ ಕೂತು ನೋಡಿದೆ. ಬೆಂಗಳೂರಿನದು ವರ್ಷಕ್ಕೆ 5,40,000, ಮೈಸೂರಿನದು 3,96,000. ತಿಂಗಳಿಗೆ 12,000 ರೂಪಾಯಿ ಅಂತರ, ಇದರಲ್ಲಿ ಯೋಚಿಸೋದೇನಿದೆ ಅಂತ ನಿಮ್ಮಪ್ಪ ಕೇಳಿದರಂತೆ. ಯೋಚಿಸೋದು ಇದೆ. ಸಂಬಳದ ಲೆಕ್ಕ ಬರೆಯುವ ಕೆಲಸವನ್ನೇ ಜೀವನವಿಡೀ ಮಾಡಿದವನು ನಾನು. ಆಫರ್ ಲೆಟರ್‌ನಲ್ಲಿರುವ ಮೊತ್ತಕ್ಕೂ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ಮೊತ್ತಕ್ಕೂ ಎಷ್ಟು ದೂರ ಅನ್ನುವುದು ನನಗೆ ಗೊತ್ತು.

ಮೊದಲು ಬೆಂಗಳೂರಿನ ಪತ್ರವನ್ನೇ ತೆಗೆದುಕೋ. ಸಿಟಿಸಿ ಅಂತ ಬರೆದಿರುವುದು ತಿಂಗಳಿಗೆ 45,000, ಅದರಲ್ಲಿ 4,500 ವೇರಿಯಬಲ್. ಅದು ವರ್ಷದ ಕೊನೆಗೆ, ಕಂಪನಿಯ ಫಲಿತಾಂಶವನ್ನೂ ನಿನ್ನ ರೇಟಿಂಗನ್ನೂ ನೋಡಿ ಕೊಡುವ ಹಣ. ತಿಂಗಳ ಲೆಕ್ಕದಲ್ಲಿ ಅದನ್ನು ಸೊನ್ನೆ ಅಂತಲೇ ಹಿಡಿ, ಬಂದರೆ ಬರಲಿ. ಕಂಪನಿ ತನ್ನ ಪಾಲಿನದಾಗಿ ಕಟ್ಟುವ ಪಿಎಫ್ 1,800 ಕೂಡ ಆ 45,000ದೊಳಗೇ ಇದೆ. ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿದ ಮೇಲೆ ಕೈಸೇರುವ ಗ್ರಾಚ್ಯುಟಿ, ಜತೆಗೆ ಆರೋಗ್ಯ ವಿಮೆ, ಎರಡೂ ಸೇರಿ 1,500. ಇವೆಲ್ಲ ಕಳೆದರೆ 37,200. ಅದರಲ್ಲಿ ನಿನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹಿಡಿದುಕೊಂಡು ಕೈಗೆ ಕೊಡುವುದು 35,200. ಈ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬರುವುದಿಲ್ಲ, ಆ ಚಿಂತೆ ಬೇಡ.

ಮೈಸೂರಿನ ಪತ್ರದಲ್ಲಿ ವೇರಿಯಬಲ್ ಇಲ್ಲ. ತಿಂಗಳ 33,000ದಲ್ಲಿ ಅದೇ ಬಾಬತ್ತುಗಳನ್ನು, ಆ ಪತ್ರದಲ್ಲಿರುವ ಮೊತ್ತದಂತೆ, ಕಳೆದರೆ ಕೈಗೆ 28,000. ಪಿಎಫ್ ಎರಡೂ ಕಡೆ ಒಂದೇ, ಆದ್ದರಿಂದ ಅದನ್ನು ತಕ್ಕಡಿಗೆ ಹಾಕುವುದು ಬೇಡ. ಅಂದರೆ ಹನ್ನೆರಡು ಸಾವಿರದ ಅಂತರ ಈಗಲೇ 7,200ಕ್ಕೆ ಇಳಿಯಿತು.

ಇನ್ನು ಖರ್ಚು. ಬಾಡಿಗೆ, ಓಡಾಟ, ಊಟ ಅಂತ ಮೂರು ಸಾಲು ಹಾಕಿ, ಒಂದೊಂದಕ್ಕೂ ಬೆಂಗಳೂರಿನದಿಷ್ಟು, ಮೈಸೂರಿನದಿಷ್ಟು ಅಂತ ಬರೆದಿದ್ದೀಯ. ನನ್ನ ತಕರಾರು ಇರುವುದು ಇಲ್ಲೇ. ಈ ಮೂರು ಬೇರೆ ಬೇರೆ ಖರ್ಚುಗಳಲ್ಲ. ಎಲ್ಲಿ ಮಲಗುತ್ತೀಯ ಅನ್ನುವುದರ ಮೇಲೆ ಎಷ್ಟು ದೂರ ಓಡಾಡುತ್ತೀಯ ಅನ್ನುವುದು ನಿಂತಿದೆ. ಎಷ್ಟು ಹೊತ್ತಿಗೆ ಮನೆ ಸೇರುತ್ತೀಯ ಅನ್ನುವುದರ ಮೇಲೆ ಒಲೆ ಹಚ್ಚುತ್ತೀಯೋ ಹೋಟೆಲಿಗೆ ಹೋಗುತ್ತೀಯೋ ಅನ್ನುವುದು ನಿಂತಿದೆ. ಆದ್ದರಿಂದ ಊರಿಗೊಂದು ಲೆಕ್ಕ ಸಾಲದು, ಕೋಣೆಗೊಂದು ಲೆಕ್ಕ ಬೇಕು.

ಬನಶಂಕರಿಯಲ್ಲಿ ಗೆಳತಿಯರಿಬ್ಬರ ಜತೆ ಮನೆ ಮಾಡುವ ಆಸೆ ನಿನ್ನದು. ನಿನ್ನ ಪಾಲಿನ ಬಾಡಿಗೆ 9,500. ಕರೆಂಟು, ನೀರು, ಮೇಂಟೆನೆನ್ಸ್, ಇಂಟರ್ನೆಟ್ ಸೇರಿ ಇನ್ನೊಂದು 1,500. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿರುವುದು ದೊಡ್ಡ ಅನುಕೂಲವೇ, ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಆಯಿತು. ಆದರೆ ದಿನಕ್ಕೆ 130 ರೂಪಾಯಿಯಂತೆ 22 ದಿನಕ್ಕೆ 2,860, ಸ್ಟೇಷನ್ನಿನಿಂದ ಆಚೀಚೆಯ ಆಟೊ ಸೇರಿಸಿದರೆ 3,500. ಅಡುಗೆ ಸಾಮಾನು 4,000 ಅಂತ ಬರೆದಿದ್ದೀಯ, ಅದನ್ನು ಒಪ್ಪಿದೆ. ಆದರೆ ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ, ಮಧ್ಯಾಹ್ನ ಆಫೀಸಿನ ಕ್ಯಾಂಟೀನು. ಹೊರಗಿನ ಊಟಕ್ಕೆ 3,000 ನಾನು ಸೇರಿಸಿದ್ದೇನೆ. ಒಟ್ಟು 21,500. ಉಳಿಯುವುದು 13,700.

ಅದೇ ಕೆಲಸಕ್ಕೆ ಸೇರಿ, ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರದ ಪಿಜಿಯಲ್ಲಿ, ಇಬ್ಬರಿರುವ ಕೋಣೆಯಲ್ಲಿ ಇದ್ದರೆ? ತಿಂಡಿ, ರಾತ್ರಿ ಊಟ ಸೇರಿ 11,500. ಮಧ್ಯಾಹ್ನದ ಊಟ, ಭಾನುವಾರ ಹೊರಗೆ ತಿನ್ನುವುದು 2,500. ಆಗೀಗ ಊರೊಳಗೆ ಹೋಗಿಬರಲು 500. ಒಟ್ಟು 14,500, ಉಳಿಯುವುದು 20,700.

ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡು: 7,000. ಎರಡು ಊರುಗಳ ಸಂಬಳದ ಅಂತರ 7,200. ಬೆಂಗಳೂರಿನಲ್ಲಿ ಹೆಚ್ಚಾಗಿ ಸಿಗುವುದನ್ನು ಬಹುತೇಕ ಕೋಣೆಯ ಆಯ್ಕೆಯೊಂದೇ ನುಂಗಿಹಾಕಬಲ್ಲದು. ನಿಮ್ಮಪ್ಪನಿಗೆ ಈ ಸಾಲನ್ನು ಓದಿ ಹೇಳು.

ಮೈಸೂರಿಗೆ ಬರೋಣ. ಆಫೀಸು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ಮನೆ ವಿಜಯನಗರದಲ್ಲಿ. ಜತೆಯವಳೊಂದಿಗೆ ಹಂಚಿಕೊಂಡರೆ ಬಾಡಿಗೆ, ಕರೆಂಟು ಎಲ್ಲ ಸೇರಿ 6,500. ಸಿಟಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿನಗೆ ಟಿಕೆಟ್ ಖರ್ಚಿಲ್ಲ, ಆಧಾರ್ ತೋರಿಸಿದರೆ ಸಾಕು. ತಡವಾದ ದಿನದ ಆಟೊಗೆ 600 ಇಟ್ಟುಕೋ. ಸಂಜೆ ಬೇಗ ಬರುತ್ತೀಯಾದ್ದರಿಂದ ಅಡುಗೆ ನಡೆಯುತ್ತದೆ, ಊಟಕ್ಕೆ 5,000. ಒಟ್ಟು 12,100, ಉಳಿಯುವುದು 15,900. ಪಿಜಿಯಲ್ಲಿದ್ದರೆ 7,500, ಮೇಲಿನ ಊಟ 2,000, ಆಟೊ 600; ಉಳಿಯುವುದು 17,900.

(ಬೆಂಗಳೂರಿನಲ್ಲೂ ಬಿಎಂಟಿಸಿಯ ಸಾಮಾನ್ಯ ಬಸ್ಸು ನಿನಗೆ ಉಚಿತವೇ, ಎ.ಸಿ. ವಜ್ರ ಮಾತ್ರ ಇಲ್ಲ. ಮೆಟ್ರೊ ಬಿಟ್ಟು ಬಸ್ಸು ಹತ್ತಿದರೆ 2,860 ಉಳಿಯುತ್ತದೆ ನಿಜ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ದಟ್ಟಣೆಯಲ್ಲಿ ನಿಂತು ನೋಡಿ ಆಮೇಲೆ ಅದನ್ನು ತೀರ್ಮಾನಿಸು.)

ಈಗ ಸಮಕ್ಕೆ ಸಮ ಇಟ್ಟು ನೋಡು. ಮನೆ ಮಾಡುವುದಾದರೆ ಮೈಸೂರಿನಲ್ಲಿ 2,200 ಹೆಚ್ಚು ಉಳಿಯುತ್ತದೆ. ಪಿಜಿಯಲ್ಲಿರುವುದಾದರೆ ಬೆಂಗಳೂರಿನಲ್ಲಿ 2,800 ಹೆಚ್ಚು. ಮೈಸೂರಿನ ಮನೆಯನ್ನು ಬೆಂಗಳೂರಿನ ಪಿಜಿಗೆ ಹೋಲಿಸಿದರೆ ಬೆಂಗಳೂರು ಸುಲಭವಾಗಿ ಗೆಲ್ಲುತ್ತದೆ, ಆದರೆ ಆಗ ಹೋಲಿಸಿದ್ದು ಊರನ್ನಲ್ಲ, ಮನೆಯ ನೆಮ್ಮದಿಯನ್ನು ಪಿಜಿಯ ಉಳಿತಾಯಕ್ಕೆ.

ಬನಶಂಕರಿಯ ಮನೆಗೆ ನಿನ್ನ ಹಾಳೆಯಲ್ಲಿಲ್ಲದ ಇನ್ನೊಂದು ಬಾಬತ್ತಿದೆ, ಅಡ್ವಾನ್ಸ್. ಆರು ತಿಂಗಳ ಬಾಡಿಗೆ ಕೇಳಿದ್ದಾರೆ ಅಂದರೆ ನಿನ್ನ ಪಾಲಿಗೆ 57,000, ಮೊದಲ ಸಂಬಳ ಬರುವ ಮುಂಚೆಯೇ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಅಲ್ಲಿ ವಾಡಿಕೆ. 11 ತಿಂಗಳ ಕರಾರಿಗೆ ಹಂಚಿದರೆ ಅದೇ ತಿಂಗಳಿಗೆ 860ರ ಹತ್ತಿರ. 13,700 ಅಂದದ್ದು ನಿಜಕ್ಕೂ 12,840. ಹಣದ ಜತೆ ಹೊತ್ತೂ ಇದೆ: ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು, ತಿಂಗಳಿಗೆ 55 ಗಂಟೆ.

ನನ್ನ ಅಭಿಪ್ರಾಯ ಕೇಳಿದ್ದೀಯ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಒಂದು ವರ್ಷ ಪಿಜಿಯಲ್ಲಿರಲು ನಿನಗೆ ಒಗ್ಗುತ್ತದೆ ಅನ್ನಿಸಿದರೆ ಬೆಂಗಳೂರಿಗೆ ಹೋಗು. ಮನೆಯೇ ಬೇಕು, ಸ್ವಂತ ಅಡುಗೆಯೇ ಬೇಕು ಅಂದರೆ ಮೈಸೂರಿಗೆ ಸೇರು, ಕಡಿಮೆ ಸಂಬಳ ಅಂತ ಯಾರಾದರೂ ಮೂಗು ಮುರಿದರೆ ಈ ಲೆಕ್ಕ ತೋರಿಸು. ಬನಶಂಕರಿಯ ಮನೆಗಾಗಿ ಬೆಂಗಳೂರಿನ ಕೆಲಸ ಒಪ್ಪಿಕೊಳ್ಳುವುದು ಮಾತ್ರ ನಾಲ್ಕರಲ್ಲಿ ಕಳಪೆ ಆಯ್ಕೆ.

ಪಿಜಿ ಒಗ್ಗುತ್ತದೋ ಇಲ್ಲವೋ ಅನ್ನುವುದನ್ನು ಹಾಸನದ ಮನೆಯಲ್ಲಿ ಕೂತು ತೀರ್ಮಾನಿಸಬೇಡ. ಕೆಲಸದ ದಿನವೊಂದರಲ್ಲಿ ಹೋಗಿ, ರಾತ್ರಿ ಊಟದ ಹೊತ್ತಿಗೇ ಪಿಜಿ ನೋಡು. ಹಗಲು ನೋಡಿದರೆ ಕೋಣೆ ಕಾಣುತ್ತದೆ, ಊಟ ಕಾಣುವುದಿಲ್ಲ. ನೀರು ಎಷ್ಟು ಹೊತ್ತು ಬರುತ್ತದೆ, ಕರೆಂಟಿಗೆ ಬೇರೆ ಕೊಡಬೇಕೋ, ಬಿಡುವಾಗ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ, ಇವನ್ನು ಮಾಲೀಕರನ್ನಲ್ಲ, ಅಲ್ಲಿರುವ ಹುಡುಗಿಯರನ್ನು ಕೇಳು. ಬೆಂಗಳೂರಿನ ಕಂಪನಿಯ ಎಚ್.ಆರ್.ಗೆ ಇವತ್ತೇ ಮೇಲ್ ಮಾಡಿ ತಿಂಗಳಿಗೆ ಕೈಗೆ ಬರುವ ಮೊತ್ತದ ವಿವರ ತರಿಸಿಕೋ. ಹೋದ ವರ್ಷ ವೇರಿಯಬಲ್ ಎಷ್ಟು ಪಾಲು ಕೊಟ್ಟರು ಅಂತಲೂ ವಿಚಾರಿಸು. ಉತ್ತರ ಬಂದ ದಿನ ಫೋನ್ ಮಾಡು, ಲೆಕ್ಕ ತಿದ್ದೋಣ.

ಇಂತಿ ನಿನ್ನ,
ಮಾವ